ಹೊಟ್ಟೆ ಕಟ್ಟಿಸುವ ಚೀಟಿ

ಒಂದು ಔಷಧಿ ಚೀಟಿಯನ್ನು ಮುಂದಿಟ್ಟುಕೊಂಡು ಮಾತಾಡೋಣ. ಇದು ಯಾರೊಬ್ಬರ ಚೀಟಿಯೂ ಅಲ್ಲ. ಬಿದ್ದು ಮೂಳೆಗೆ ಪೆಟ್ಟು ಮಾಡಿಕೊಂಡ ವಯಸ್ಸಾದ ಹೆಂಗಸರ ಮನೆಗಳಲ್ಲಿ ಸಿಗುವ ಹಲವು ಚೀಟಿಗಳನ್ನು ಸೇರಿಸಿ ಕಟ್ಟಿದ ಮಾದರಿ. ಆದರೆ ಇದರಲ್ಲಿರುವ ಒಂದೊಂದು ಮಾತ್ರೆಯನ್ನೂ ನಿಮ್ಮ ಮನೆಯ ಔಷಧಿ ಡಬ್ಬದಲ್ಲಿ ಹುಡುಕಿದರೆ ಒಂದೆರಡಾದರೂ ಕೈಗೆ ಸಿಕ್ಕಾವು.

ಅಜ್ಜಿಗೆ 68 ವರ್ಷ. ಬಚ್ಚಲಲ್ಲಿ ಕಾಲು ಜಾರಿ ಕೂತಂತೆಯೇ ಬಿದ್ದರು. ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಒಂದು ಮಣಿ ಕುಸಿದಿದೆ ಎಂದು ಗೊತ್ತಾಯಿತು. ಆಪರೇಷನ್ ಬೇಡ, ಬೆಲ್ಟ್ ಕಟ್ಟಿಕೊಂಡು ವಿಶ್ರಾಂತಿ ತೆಗೆದುಕೊಳ್ಳಿ ಎಂದರು ಮೂಳೆ ಡಾಕ್ಟರು. ನೋವಿಗೆ 37.5 ಮಿಲಿಗ್ರಾಂ ಟ್ರಮಡಾಲ್ ಮತ್ತು 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಕೂಡಿರುವ ಮಾತ್ರೆ, ದಿನಕ್ಕೆ ಮೂರು. ಆ ಮಾತ್ರೆಗೆ ವಾಕರಿಕೆ ಬರಬಹುದೆಂದು ಆಂಡನ್‌ಸೆಟ್ರಾನ್. ಹೊಟ್ಟೆ ಉರಿಯದಿರಲೆಂದು ಬೆಳಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್. ಮೂಳೆಗೆ 500 ಮಿಲಿಗ್ರಾಂ ಕ್ಯಾಲ್ಸಿಯಂ, ಬೆಳಗ್ಗೆ ಒಂದು, ರಾತ್ರಿ ಒಂದು. ವಾರಕ್ಕೊಮ್ಮೆ 60,000 ಯೂನಿಟ್ಟಿನ ವಿಟಮಿನ್ ಡಿ. ಇದಲ್ಲದೆ ಹಿಮೋಗ್ಲೋಬಿನ್ ಕಡಿಮೆಯಿದೆ ಎಂದು ಒಂದು ತಿಂಗಳ ಹಿಂದೆ ಬೇರೊಬ್ಬ ಡಾಕ್ಟರು ಬರೆದುಕೊಟ್ಟ ಕಬ್ಬಿಣಾಂಶದ ಮಾತ್ರೆ ಮೊದಲಿಂದಲೂ ನಡೆಯುತ್ತಿತ್ತು. ಅದು ಈ ಚೀಟಿಯಲ್ಲಿ ಇಲ್ಲ. ಮೂಳೆ ಡಾಕ್ಟರಿಗೆ ಯಾರೂ ಹೇಳಲೂ ಇಲ್ಲ.

ನಾಲ್ಕನೆಯ ದಿನ ಅಜ್ಜಿ ಸೊಸೆಯ ಹತ್ತಿರ ಮೆಲ್ಲಗೆ ಹೇಳಿದರು: 'ಬಿದ್ದ ದಿನದಿಂದ ಹೊರಗೆ ಹೋಗಿಲ್ಲ ಕಣಮ್ಮ.' ಮಲಗಿದ್ದಾರೆ, ಊಟ ಕಡಿಮೆ, ಎರಡು ದಿನದಲ್ಲಿ ಸರಿಯಾಗುತ್ತದೆ ಎಂದುಕೊಂಡರು ಮನೆಯವರು. ಆರನೆಯ ದಿನ ಹೊಟ್ಟೆ ಉಬ್ಬರಿಸಿ, ಹುಳಿತೇಗು ಶುರುವಾಯಿತು. ಮೊಮ್ಮಗ ಮೆಡಿಕಲ್ ಶಾಪಿನಿಂದ ಆಂಟಾಸಿಡ್ ಬಾಟಲಿ ತಂದ. ಏಳನೆಯ ದಿನ ಹೊಟ್ಟೆ ಹಿಡಿದುಕೊಂಡು ನೋವು, ಅದಕ್ಕೊಂದು ಡೈಸೈಕ್ಲೊಮಿನ್ ಮಾತ್ರೆ. ಎಂಟನೆಯ ದಿನ ಪಕ್ಕದ ಮನೆಯವರು ಹೇಳಿದರೆಂದು ಇಸಬ್‌ಗೋಲ್. ಒಂಬತ್ತನೆಯ ದಿನ ಬೆಳಗ್ಗೆ ಹಾಸಿಗೆಯಲ್ಲೇ ನೀರಿನಂತೆ ಸೋರಿತು. ಸದ್ಯ, ಕಟ್ಟಿದ್ದು ಬಿಟ್ಟಿತು ಎಂದುಕೊಂಡರು. ಮಧ್ಯಾಹ್ನದೊಳಗೆ ನಾಲ್ಕು ಸಲ ಆದಾಗ ಭೇದಿ ಎಂದು ಗಾಬರಿಯಾಗಿ ಲೋಪೆರಮೈಡ್ ಕೊಟ್ಟರು.

ಯಾರೂ ಇಲ್ಲಿ ಅಜಾಗರೂಕರಲ್ಲ. ಪ್ರತಿಯೊಂದು ಹೆಜ್ಜೆಗೂ ಒಂದು ಕಾರಣವಿತ್ತು. ಆದರೂ ಕೊನೆಗೆ ಅಜ್ಜಿಯ ಗುದನಾಳದಲ್ಲಿ ಕಲ್ಲಿನಂತೆ ಗಟ್ಟಿಯಾದ ಮಲ ಸಿಕ್ಕಿಕೊಂಡಿತ್ತು. ಅದರ ಪಕ್ಕದ ಸಂದಿನಿಂದ ಮೇಲಿನ ನೀರುಮಲ ಸೋರುತ್ತಿತ್ತು, ಅಷ್ಟೆ. ಹಾಸಿಗೆ ಹಿಡಿದ ಹಿರಿಯರಲ್ಲಿ ಹಲವು ದಿನ ಹೊಟ್ಟೆ ಕಟ್ಟಿ ಆಮೇಲೆ ಏಕಾಏಕಿ ನೀರಾಗಿ ಹೋದರೆ ಅದನ್ನು ಭೇದಿ ಎನ್ನುವ ಮೊದಲು ಒಬ್ಬ ಡಾಕ್ಟರೋ ನರ್ಸೋ ಬೆರಳಿಟ್ಟು ಪರೀಕ್ಷೆ ಮಾಡಬೇಕು. ಒಂದು ನಿಮಿಷದ ಕೆಲಸ. ಸಂಕೋಚದಿಂದ ಅದನ್ನು ಬಿಟ್ಟರೆ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟು ಬೀಗದ ಮೇಲೆ ಬೀಗ ಹಾಕಿದಂತಾಗುತ್ತದೆ.

ಈಗ ಚೀಟಿಯ ಒಂದೊಂದು ಸಾಲನ್ನು ನೋಡೋಣ. ಮೊದಲ ಆರೋಪಿ ಟ್ರಮಡಾಲ್.

ಟ್ರಮಡಾಲ್ ಓಪಿಯಾಯ್ಡ್ ಗುಂಪಿಗೆ ಸೇರಿದ್ದು. ಅಫೀಮಿನ ಸಂಬಂಧಿಕರು ಎನ್ನಬಹುದಾದ ಈ ಗುಂಪಿನಲ್ಲಿ ಮಾರ್ಫಿನ್, ಕೊಡೀನ್, ಟಪೆಂಟಡಾಲ್, ಫೆಂಟನಿಲ್ ಪಟ್ಟಿ ಎಲ್ಲವೂ ಬರುತ್ತವೆ. ಕೆಲವು ಕೆಮ್ಮಿನ ಸಿರಪ್ಪುಗಳಲ್ಲಿ ಕೊಡೀನ್ ಇರುತ್ತದೆ ಎನ್ನುವುದನ್ನು ನಾವು ಮರೆಯುತ್ತೇವೆ. ಕೆಮ್ಮಿಗೂ ಹೊಟ್ಟೆಗೂ ಏನು ಸಂಬಂಧ ಎಂದು ತಲೆ ಕೆರೆದುಕೊಳ್ಳುವವರು ಬಾಟಲಿಯ ಲೇಬಲ್ ಒಮ್ಮೆ ಓದಬೇಕು. ಟ್ರಮಡಾಲ್ ಮಾರ್ಫಿನ್‌ನಷ್ಟು ಹೊಟ್ಟೆ ಕಟ್ಟುವುದಿಲ್ಲ, ನಿಜ. ಆದರೆ ಓಡಾಟ ನಿಂತ, ನೀರು ಕಡಿಮೆ ಕುಡಿಯುವ 68ರ ಕರುಳಿಗೆ ಅಷ್ಟೇ ಸಾಕು.

ಇದು ಹೇಗೆ ಆಗುತ್ತದೆ ಎಂದು ತಿಳಿದರೆ ಮುಂದಿನದೆಲ್ಲ ಸುಲಭ. ನಮ್ಮ ಕರುಳಿನ ಗೋಡೆಯೊಳಗೆ ಅದರದೇ ಆದ ನರಗಳ ಬಲೆಯಿದೆ. ಆಹಾರವನ್ನು ಹಿಂಡಿ ಹಿಂಡಿ ಮುಂದಕ್ಕೆ ತಳ್ಳುವ ಅಲೆಯನ್ನು ಎಬ್ಬಿಸುವುದು ಆ ಬಲೆ. ನೋವಿನ ಸುದ್ದಿಯನ್ನು ತಡೆಯಲು ಮಿದುಳು ಮತ್ತು ಬೆನ್ನುಹುರಿಯಲ್ಲಿ ಓಪಿಯಾಯ್ಡ್ ಯಾವ ಗ್ರಾಹಕಗಳಿಗೆ ಹೋಗಿ ಅಂಟುತ್ತದೆಯೋ ಅದೇ ಗ್ರಾಹಕಗಳು ಕರುಳಿನ ಈ ಬಲೆಯಲ್ಲೂ ಇವೆ. ಮಾತ್ರೆಗೆ ಬೆನ್ನು ಯಾವುದು, ಹೊಟ್ಟೆ ಯಾವುದು ಎಂಬ ವ್ಯತ್ಯಾಸ ಗೊತ್ತಿಲ್ಲ. ಎರಡೂ ಕಡೆ ಅಂಟುತ್ತದೆ. ತಳ್ಳುವ ಅಲೆ ಸೋತುಹೋಗುತ್ತದೆ. ಕರುಳು ತನ್ನೊಳಗೆ ಸ್ರವಿಸುವ ನೀರು ಕಡಿಮೆಯಾಗುತ್ತದೆ. ಮಲ ಒಂದೇ ಕಡೆ ಹೆಚ್ಚು ಹೊತ್ತು ನಿಂತಷ್ಟೂ ಅದರಲ್ಲಿದ್ದ ನೀರನ್ನು ದೇಹ ಹೀರಿಕೊಳ್ಳುತ್ತದೆ. ಕೊನೆಗೆ ಗುದದ್ವಾರದ ಸ್ನಾಯು ಕೂಡ ಬಿಗಿಯುತ್ತದೆ. ಹೀಗಾಗಿ ಇದು ನಾರು ತಿನ್ನದ್ದರಿಂದ ಬಂದ ಮಲಬದ್ಧತೆ ಅಲ್ಲ, ಕರುಳಿನ ಓಟವೇ ನಿಂತು ಬಂದದ್ದು. ಸೊಪ್ಪು, ಪಪ್ಪಾಯ, ಬಾಳೆಹಣ್ಣು ಎಂದು ಎಷ್ಟು ತಿನ್ನಿಸಿದರೂ ತಳ್ಳುವವರೇ ಇಲ್ಲದಿದ್ದರೆ ಸಾಮಾನು ಸೇರುತ್ತಾ ಹೋಗುತ್ತದೆ.

ಇನ್ನೊಂದು ಸಂಗತಿಯನ್ನು ಡಾಕ್ಟರುಗಳಲ್ಲೂ ಕೆಲವರು ಅವಸರದಲ್ಲಿ ಹೇಳದೆ ಬಿಡುತ್ತಾರೆ. ಓಪಿಯಾಯ್ಡ್ ಶುರು ಮಾಡಿದಾಗ ಬರುವ ವಾಕರಿಕೆ, ಮಂಪರು ಕೆಲವು ದಿನಗಳಲ್ಲಿ ಒಗ್ಗಿಹೋಗುತ್ತವೆ. ಹೊಟ್ಟೆ ಕಟ್ಟುವುದು ಮಾತ್ರ ಒಗ್ಗುವುದಿಲ್ಲ. ಮಾತ್ರೆ ಇರುವಷ್ಟು ದಿನವೂ ಅದು ಇರುತ್ತದೆ. ಆದ್ದರಿಂದಲೇ ಓಪಿಯಾಯ್ಡನ್ನು ದಿನಾ ಕೊಡುವಾಗ ಹೊಟ್ಟೆ ಸಡಿಲಿಸುವ ಔಷಧಿಯನ್ನು ಮೊದಲ ದಿನದಿಂದಲೇ ಜೊತೆಗೆ ಬರೆಯಬೇಕು ಎನ್ನುವುದು ನೋವು ಚಿಕಿತ್ಸೆಯ ಒಪ್ಪಿತ ಪದ್ಧತಿ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಕೊಡುವ ಪಾಲಿಯೇಟಿವ್ ಕೇಂದ್ರಗಳಲ್ಲಿ ಇದು ರೂಢಿಯಾಗಿದೆ. ನಮ್ಮ ಚೀಟಿಯಲ್ಲಿ ವಾಕರಿಕೆಗೆ ಮಾತ್ರೆ ಇತ್ತು, ಹೊಟ್ಟೆ ಸಡಿಲಿಸಲು ಇರಲಿಲ್ಲ. ಅದಕ್ಕಿಂತ ವಿಚಿತ್ರವೆಂದರೆ ವಾಕರಿಕೆಗೆ ಕೊಟ್ಟ ಆಂಡನ್‌ಸೆಟ್ರಾನ್ ಕೂಡ ಹೊಟ್ಟೆ ಕಟ್ಟುವ ಮಾತ್ರೆಯೇ. ಇನ್ನು ಆ ಲೋಪೆರಮೈಡ್? ಅದೂ ಒಂದು ಓಪಿಯಾಯ್ಡ್. ಮಿದುಳಿಗೆ ಹೋಗದೆ ಕರುಳಿನಲ್ಲೇ ಕೆಲಸ ಮಾಡುತ್ತದೆ ಎನ್ನುವುದೇ ಅದರ ವಿಶೇಷ. ಒಂದು ಗುಂಪಿನ ಔಷಧಿಯ ಅಡ್ಡ ಪರಿಣಾಮ, ಅದೇ ಗುಂಪಿನ ಇನ್ನೊಂದರ ಮುಖ್ಯ ಉಪಯೋಗ.

ಹಾಗಾಗಿ ಟ್ರಮಡಾಲ್, ಟಪೆಂಟಡಾಲ್, ಕೊಡೀನ್, ಮಾರ್ಫಿನ್ ಯಾವುದನ್ನು ಬರೆದರೂ ಕುರ್ಚಿಯಿಂದ ಏಳುವ ಮೊದಲು ಕೇಳಬೇಕಾದದ್ದು ಇಷ್ಟು: 'ಡಾಕ್ಟ್ರೇ, ಈ ಮಾತ್ರೆ ಹೊಟ್ಟೆ ಕಟ್ಟುತ್ತಲ್ವಾ? ಇವತ್ತಿಂದಲೇ ಅದಕ್ಕೇನಾದರೂ ಕೊಡ್ತೀರಾ? ಇದನ್ನು ಎಷ್ಟು ದಿನ ತಗೋಬೇಕು? ನೋವು ಕಡಿಮೆಯಾದರೆ ಬರೀ ಪ್ಯಾರಾಸಿಟಮಾಲ್‌ಗೆ ಯಾವಾಗ ಬರಬಹುದು?' ಕೊನೆಯ ಪ್ರಶ್ನೆ ಮುಖ್ಯ. ಬೆನ್ನುಮಣಿ ಕುಸಿದ ನೋವು ಮೊದಲ ದಿನಗಳಲ್ಲಿ ತೀವ್ರವಾಗಿದ್ದು ವಾರಗಳಲ್ಲಿ ಇಳಿಯುವಂಥದ್ದು. ಆದರೆ ಚೀಟಿ ಮಾತ್ರ ತಿಂಗಳಾದರೂ ಹಾಗೇ ಮೆಡಿಕಲ್ ಶಾಪಿಗೆ ಹೋಗಿ ಬರುತ್ತಿರುತ್ತದೆ. ಹಾಗೆಂದು ವಾರಗಟ್ಟಲೆ ತೆಗೆದುಕೊಂಡ ಟ್ರಮಡಾಲ್ ಅನ್ನು ಒಮ್ಮೆಲೇ ಬಿಡಬಾರದು. ಬೆವರು, ತಳಮಳ, ನಿದ್ದೆಗೇಡು ಬರಬಹುದು. ಇಳಿಸುವ ಕ್ರಮವನ್ನು ಬರೆಸಿಕೊಳ್ಳಬೇಕು. ಕ್ಯಾನ್ಸರ್ ರೋಗಿಗಳ ಮನೆಯವರು ಹೊಟ್ಟೆ ಕಟ್ಟಿತೆಂದು ಮಾರ್ಫಿನ್ ನಿಲ್ಲಿಸಿಬಿಡುವುದುಂಟು. ಹೊಟ್ಟೆಗೆ ಔಷಧಿ ಹೆಚ್ಚಿಸುವ ದಾರಿ ಇರುವಾಗ ನೋವಿನ ಔಷಧಿ ಕಿತ್ತುಕೊಳ್ಳುವುದು ರೋಗಿಗೆ ಮಾಡುವ ಅನ್ಯಾಯ.

ಯಾವ ಔಷಧಿ ಕೊಡುತ್ತಾರೆ? ಕರುಳನ್ನು ಎಬ್ಬಿಸಿ ತಳ್ಳುವಂತೆ ಮಾಡುವ ಬೈಸಕೊಡಿಲ್, ಸೋಡಿಯಂ ಪಿಕೊಸಲ್ಫೇಟ್, ಸೋನಾಮುಖಿ ಒಂದು ಬಗೆ. ಅಂಗಡಿಯಲ್ಲಿ ಸಿಗುವ ಎಷ್ಟೋ 'ಹೊಟ್ಟೆ ಶುದ್ಧಿ' ಚೂರ್ಣಗಳ ಜೀವಾಳ ಸೋನಾಮುಖಿಯೇ. ಕರುಳಿನೊಳಗೆ ನೀರು ಹಿಡಿದಿಟ್ಟು ಮಲವನ್ನು ಮೆತ್ತಗೆ ಮಾಡುವ ಲ್ಯಾಕ್ಟುಲೋಸ್ ಸಿರಪ್, ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಇನ್ನೊಂದು ಬಗೆ. ಓಪಿಯಾಯ್ಡಿನ ಮಲಬದ್ಧತೆಗೆ ಒಂದೊಂದು ಬಗೆಯಿಂದ ಒಂದನ್ನು ಆರಿಸಿ ಕೂಡಿಸುವುದು ರೂಢಿ. ಬೈಸಕೊಡಿಲ್ 5 ಮಿಲಿಗ್ರಾಂ ರಾತ್ರಿ ನುಂಗಿದರೆ 6ರಿಂದ 12 ಗಂಟೆಯಲ್ಲಿ, ಎಂದರೆ ಬೆಳಗಿನ ಹೊತ್ತಿಗೆ ಕೆಲಸ ಮಾಡುತ್ತದೆ. ಲ್ಯಾಕ್ಟುಲೋಸ್ ಒಂದೆರಡು ದಿನ ಕಾಯಿಸುತ್ತದೆ, ಕೆಲವರಿಗೆ ಹೊಟ್ಟೆ ಉಬ್ಬರವೂ ಆಗುತ್ತದೆ. 'ಒಂದು ಸಲ ಕುಡಿದೆ, ಏನೂ ಆಗಲಿಲ್ಲ' ಎಂದು ಬಾಟಲಿ ಮೂಲೆಗೆಸೆಯುವವರು ಈ ಲೆಕ್ಕ ತಿಳಿದಿರಬೇಕು.

ಇಸಬ್‌ಗೋಲ್ ಬಗ್ಗೆ ಒಂದು ಮಾತು. ನಮ್ಮಲ್ಲಿ ಹೊಟ್ಟೆ ಎಂದರೆ ಇಸಬ್‌ಗೋಲ್ ಎನ್ನುವಷ್ಟು ಅದರ ಮೇಲೆ ನಂಬಿಕೆ. ಓಡಾಡಿಕೊಂಡು ಚೆನ್ನಾಗಿ ನೀರು ಕುಡಿಯುವವರಿಗೆ ಅದು ಒಳ್ಳೆಯದೇ. ಆದರೆ ಅದು ಮಾಡುವುದು ನೀರು ಹೀರಿ ಊದಿಕೊಳ್ಳುವ ಕೆಲಸ. ಓಪಿಯಾಯ್ಡ್ ನಿಲ್ಲಿಸಿಟ್ಟ ಕರುಳಿನಲ್ಲಿ, ಬಚ್ಚಲಿಗೆ ಏಳುವುದು ನೋವೆಂದು ದಿನಕ್ಕೆ ಮೂರೇ ಲೋಟ ನೀರು ಕುಡಿಯುವ ಅಜ್ಜಿಯಲ್ಲಿ, ಅದು ಊದಿಕೊಂಡು ಅಲ್ಲೇ ಕೂರುತ್ತದೆ. ಈ ಪರಿಸ್ಥಿತಿಯಲ್ಲಿ ಅದನ್ನು ಕೊಡಬಾರದು.

ಇನ್ನು ಆಂಟಾಸಿಡ್. ಗ್ಯಾಸ್ ಎಂದು ನಾವು ತಂದು ಕುಡಿಯುವ ಗುಲಾಬಿ, ಬಿಳಿ, ಪುದೀನ ವಾಸನೆಯ ಬಾಟಲಿಗಳಲ್ಲಿ ಹೆಚ್ಚಿನವುಗಳಲ್ಲಿ ಎರಡು ಲವಣಗಳು ಜೋಡಿಯಾಗಿರುತ್ತವೆ: ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಮತ್ತು ಮೆಗ್ನೀಸಿಯಂ ಹೈಡ್ರಾಕ್ಸೈಡ್. ಮೊದಲನೆಯದು ಹೊಟ್ಟೆ ಕಟ್ಟುತ್ತದೆ, ಎರಡನೆಯದು ಸಡಿಲಿಸುತ್ತದೆ. ಒಂದರ ಕಾಟವನ್ನು ಇನ್ನೊಂದು ತೂಗಲಿ ಎಂದೇ ಎರಡನ್ನೂ ಬೆರೆಸುತ್ತಾರೆ. ತೂಕ ಎಲ್ಲರ ಹೊಟ್ಟೆಯಲ್ಲೂ ಸಮನಾಗಿ ನಿಲ್ಲುವುದಿಲ್ಲ. ಒಬ್ಬರಿಗೆ ಸಡಿಲ, ಇನ್ನೊಬ್ಬರಿಗೆ ಬಿಗಿ. ಅಲ್ಸರಿಗೆ ಕೊಡುವ ಸುಕ್ರಾಲ್ಫೇಟ್ ಸಿರಪ್ಪಿನಲ್ಲೂ ಅಲ್ಯೂಮಿನಿಯಂ ಇದೆ, ಅದಕ್ಕೆ ಮಲಬದ್ಧತೆ ಚಿರಪರಿಚಿತ. ಅಗಿಯುವ ಕೆಲವು ಆಂಟಾಸಿಡ್ ಮಾತ್ರೆಗಳಲ್ಲಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಅಂದರೆ ಕ್ಯಾಲ್ಸಿಯಂ ಮಾತ್ರೆ ನುಂಗುವವರು ಅದನ್ನು ಅಗಿದರೆ ಅದೇ ವಸ್ತುವನ್ನು ಎರಡು ಹೆಸರಿನಲ್ಲಿ ತೆಗೆದುಕೊಂಡಂತೆ. ಮೂತ್ರಪಿಂಡದ ತೊಂದರೆ ಇರುವವರು ಅಲ್ಯೂಮಿನಿಯಂ, ಮೆಗ್ನೀಸಿಯಂ ಎರಡನ್ನೂ ಡಾಕ್ಟರನ್ನು ಕೇಳದೆ ಮುಟ್ಟಬಾರದು. ಅವು ದೇಹದಿಂದ ಹೊರಹೋಗಲು ಮೂತ್ರಪಿಂಡವೇ ದಾರಿ. ಹೊಟ್ಟೆ ಸಡಿಲಿಸಲು ಕುಡಿಯುವ ಮಿಲ್ಕ್ ಆಫ್ ಮೆಗ್ನೀಸಿಯಾಕ್ಕೂ ಈ ಮಾತು ಅನ್ವಯಿಸುತ್ತದೆ.

ಅಜ್ಜಿಯ ವಿಷಯದಲ್ಲಿ ಆಂಟಾಸಿಡ್ ಬಂದದ್ದೇ ತಪ್ಪು ದಾರಿಯಲ್ಲಿ. ಹುಳಿತೇಗು, ಉಬ್ಬರ ಬಂದದ್ದು ಹೊಟ್ಟೆಯಲ್ಲಿ ಆಮ್ಲ ಹೆಚ್ಚಿದ್ದರಿಂದ ಅಲ್ಲ. ಕೆಳಗೆ ದಾರಿ ಕಟ್ಟಿದ್ದರಿಂದ. ಮಲಬದ್ಧತೆಗೆ ಆಂಟಾಸಿಡ್, ಆಂಟಾಸಿಡ್ ತಂದ ಬಿಗಿತದ ಮೇಲೆ ನೋವಿಗೆ ಡೈಸೈಕ್ಲೊಮಿನ್. ಡೈಸೈಕ್ಲೊಮಿನ್ ಮಾಡುವುದು ಕರುಳಿನ ಸೆಳೆತವನ್ನು ಸಡಿಲಿಸುವ ಕೆಲಸ, ಎಂದರೆ ಉಳಿದಿದ್ದ ಅಲ್ಪಸ್ವಲ್ಪ ಚಲನೆಯನ್ನೂ ತಣ್ಣಗಾಗಿಸುವುದು. ಒಂದು ಮಾತ್ರೆಯ ಅಡ್ಡ ಪರಿಣಾಮವನ್ನು ಹೊಸ ಕಾಯಿಲೆ ಎಂದು ತಿಳಿದು ಅದಕ್ಕೆ ಇನ್ನೊಂದು ಮಾತ್ರೆ ಸೇರಿಸುವ ಈ ಸರಪಳಿಯನ್ನು ತುಂಡರಿಸಲು ಒಂದೇ ಪ್ರಶ್ನೆ ಸಾಕು: 'ಈ ತೊಂದರೆ ಹೊಸ ಮಾತ್ರೆ ಶುರುವಾದ ಮೇಲೆ ಬಂದದ್ದಾ, ಮೊದಲೇ ಇತ್ತಾ?' ಡಾಕ್ಟರ ಮುಂದೆ ಕೂತಾಗ ತಾರೀಕು ಹಿಡಿದು ಹೇಳಿದರೆ ಅವರ ಅರ್ಧ ಕೆಲಸ ಮುಗಿದಂತೆ. ಮಾತ್ರೆ ಯಾವ ದಿನ ಶುರು, ಕೊನೆಯ ಸಲ ಸರಿಯಾಗಿ ಹೊರಗೆ ಹೋದದ್ದು ಯಾವ ದಿನ. ಈ ಎರಡು ತಾರೀಕು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಾಗಿರಲಿ.

ಆಂಟಾಸಿಡ್ಡಿನ ಇನ್ನೊಂದು ಕುತಂತ್ರ ಹೊರಗೆ ಕಾಣುವುದಿಲ್ಲ. ಬೈಸಕೊಡಿಲ್ ಮಾತ್ರೆಗೆ ಒಂದು ಲೇಪವಿರುತ್ತದೆ. ಹೊಟ್ಟೆಯ ಆಮ್ಲದಲ್ಲಿ ಕರಗದೆ ಕರುಳಿಗೆ ಹೋಗಿ ಕರಗಲಿ ಎಂದು. ಅದನ್ನು ಹಾಲಿನ ಜೊತೆಗೋ ಆಂಟಾಸಿಡ್ ಕುಡಿದ ತಕ್ಷಣವೋ ನುಂಗಿದರೆ ಲೇಪ ಹೊಟ್ಟೆಯಲ್ಲೇ ಕರಗಿ ಹೊಟ್ಟೆ ನುಲಿಯುತ್ತದೆ. ರಾತ್ರಿ ಮಲಗುವಾಗ ಒಂದು ಲೋಟ ಬಿಸಿ ಹಾಲಿನಲ್ಲಿ ಎಲ್ಲ ಮಾತ್ರೆಗಳನ್ನೂ ನುಂಗಿಬಿಡುವ ನಮ್ಮ ಮನೆಗಳ ಅಭ್ಯಾಸಕ್ಕೆ ಇದು ಸರಿ ಹೊಂದುವುದಿಲ್ಲ. ಇದರ ನಡುವೆ ಕನಿಷ್ಠ ಒಂದು ಗಂಟೆ ಬಿಡಬೇಕು, ನೀರಿನಲ್ಲೇ ನುಂಗಬೇಕು.

ಕ್ಯಾಲ್ಸಿಯಂಗೆ ಬರೋಣ. ಮಾತ್ರೆಯ ಪಟ್ಟಿಯ ಹಿಂದೆ ನೋಡಿದರೆ 'ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಲಿಗ್ರಾಂ, 500 ಮಿಲಿಗ್ರಾಂ ಕ್ಯಾಲ್ಸಿಯಂಗೆ ಸಮ' ಎಂಬರ್ಥದ ಸಾಲು ಇರುತ್ತದೆ. ಕಾರ್ಬೊನೇಟಿನಲ್ಲಿ ಶೇ 40ರಷ್ಟು ಕ್ಯಾಲ್ಸಿಯಂ, ಹಾಗಾಗಿ. ದಿನಕ್ಕೆ ಎರಡು ಎಂದರೆ 1000 ಮಿಲಿಗ್ರಾಂ. ಮುಟ್ಟು ನಿಂತ ಹೆಂಗಸರಿಗೆ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ 2020ರ ಶಿಫಾರಸು ದಿನಕ್ಕೆ 1200 ಮಿಲಿಗ್ರಾಂ. ಆದರೆ ಇದು ಊಟ, ಮಾತ್ರೆ ಎರಡೂ ಸೇರಿ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಇದೆ. ದೊಡ್ಡ ಲೋಟ ಹಾಲಿನಲ್ಲಿ 240ರ ಸುತ್ತಮುತ್ತ. ರಾಗಿಯದು ಪೂರ್ತಿ ಮೈಗೆ ಹತ್ತುವುದಿಲ್ಲ, ಅದರಲ್ಲಿರುವ ಫೈಟೇಟ್ ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೂ ಮಧ್ಯಾಹ್ನ ಒಂದು ಮುದ್ದೆ, ರಾತ್ರಿ ಮೊಸರನ್ನ, ಬೆಳಗ್ಗೆ ಹಾಲು ಎಂದು ನಡೆಯುವ ಮನೆಯ ಅಜ್ಜಿಗೆ ದಿನಕ್ಕೆ ಎರಡು ಮಾತ್ರೆ ಬೇಕೇ, ಒಂದು ಸಾಕೇ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಊಟದಲ್ಲಿ ಏನೇನಿದೆ ಎಂದು ಹೇಳಿ ಕೇಳಬೇಕು. ಮಾತ್ರೆ ಕಡಿಮೆಯಾದಷ್ಟೂ ಹೊಟ್ಟೆಗೆ ಹಗುರ.

ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕು, ಅದಕ್ಕೇ ಊಟದ ಜೊತೆ ತೆಗೆದುಕೊಳ್ಳಿ ಎನ್ನುವುದು. ನಮ್ಮ ಚೀಟಿಯಲ್ಲಿ ಆಮ್ಲವನ್ನು ತಗ್ಗಿಸುವ ಪ್ಯಾಂಟೊಪ್ರಜೋಲ್ ಕೂಡ ಇದೆ. ಒಂದು ಸಾಲು ಆಮ್ಲವನ್ನು ಕೇಳುತ್ತದೆ, ಇನ್ನೊಂದು ಸಾಲು ಆಮ್ಲವನ್ನು ಮುಚ್ಚುತ್ತದೆ. ಮೈಗೆ ಹತ್ತದ ಕ್ಯಾಲ್ಸಿಯಂ ಕರುಳಿನಲ್ಲೇ ಉಳಿಯುತ್ತದೆ. ಇಲ್ಲಿ ಕೇಳಬೇಕಾದದ್ದು ಎರಡು: ಪ್ಯಾಂಟೊಪ್ರಜೋಲ್ ನಿಜಕ್ಕೂ ಎಷ್ಟು ದಿನ ಬೇಕು, ಅದು ಬೇಕೇ ಬೇಕಾದರೆ ಆಮ್ಲವನ್ನು ಕಾಯದ ಕ್ಯಾಲ್ಸಿಯಂ ಸಿಟ್ರೇಟ್‌ಗೆ ಬದಲಾಯಿಸಬಹುದೇ. ಟ್ರಮಡಾಲ್, ಪ್ಯಾರಾಸಿಟಮಾಲ್ ಇವು ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳ ಹಾಗೆ ಹೊಟ್ಟೆಯಲ್ಲಿ ಹುಣ್ಣು ಮಾಡುವ ಮಾತ್ರೆಗಳಲ್ಲ. ಹಾಗಾಗಿ ನೋವಿನ ಮಾತ್ರೆ ಇದ್ದಲ್ಲೆಲ್ಲ ಗ್ಯಾಸ್ ಮಾತ್ರೆ ಇರಲೇಬೇಕೆಂಬ ನಮ್ಮ ಅಲಿಖಿತ ನಿಯಮವನ್ನು ಡಾಕ್ಟರ ಮುಂದೆಯೇ ಪ್ರಶ್ನಿಸಬಹುದು.

ವಿಟಮಿನ್ ಡಿ ಬಗ್ಗೆ ಹೆದರಿಕೆ ಬೇರೆಯದು. 60,000 ಯೂನಿಟ್ಟಿನದು ವಾರಕ್ಕೊಂದು. ಅದನ್ನು ದಿನಕ್ಕೊಂದರಂತೆ ನುಂಗಿದವರಿದ್ದಾರೆ. ಚೀಟಿಯಲ್ಲಿ ಬರೆದ ಗೀಚು ಅರ್ಥವಾಗದೆ, ಬೇರೆ ಮಾತ್ರೆಗಳ ಜೊತೆ ಬೆರೆತು, ಅಥವಾ ಇಬ್ಬರು ಡಾಕ್ಟರುಗಳು ಎರಡು ಹೆಸರಿನಲ್ಲಿ ಅದನ್ನೇ ಬರೆದು. ಹೀಗೆ ವಾರಗಳು ಕಳೆದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಆಗ ಬರುವ ಮಲಬದ್ಧತೆ ಕರುಳಿಗೆ ಸೀಮಿತವಲ್ಲ. ಬಾಯಾರಿಕೆ, ಪದೇ ಪದೇ ಮೂತ್ರ, ಊಟ ಸೇರದಿರುವುದು, ಸುಸ್ತು, ಮಾತು ತಡವರಿಸುವುದು, ಹಿರಿಯರಾದರೆ ಗೊಂದಲ. ಈ ಜೊತೆಗಾರರು ಕಂಡರೆ ಭೇದಿ ಮಾತ್ರೆ ಕೊಟ್ಟು ಸುಮ್ಮನಿರದೆ ರಕ್ತದ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಬೇಕು. ಡಿ ಮಾತ್ರೆ ನುಂಗುವ ವಾರವನ್ನು, 'ಪ್ರತಿ ಭಾನುವಾರ' ಎನ್ನುವಂತೆ, ಚೀಟಿಯ ಮೇಲೇ ಬರೆಸಿಕೊಂಡರೆ ಈ ಅಪಾಯದ ಬಹುಪಾಲು ಕಳೆಯುತ್ತದೆ.

ಕೊನೆಗೆ ಕಬ್ಬಿಣಾಂಶ. ನಾವು 'ರಕ್ತದ ಮಾತ್ರೆ' ಎನ್ನುವುದು. ಇಲ್ಲಿ ಮಾರಾಟದಲ್ಲಿರುವ ಫೆರಸ್ ಆಸ್ಕಾರ್ಬೇಟ್ ಮಾತ್ರೆಗಳಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಅದರಲ್ಲಿ ದೇಹ ಹೀರುವುದು ಸ್ವಲ್ಪ ಭಾಗ. ಉಳಿದದ್ದೆಲ್ಲ ಕರುಳುದ್ದಕ್ಕೂ ಸಾಗಿ ಹೋಗುತ್ತದೆ. ಕೆಲವರಿಗೆ ವಾಕರಿಕೆ, ಕೆಲವರಿಗೆ ಭೇದಿ, ಬಹಳಷ್ಟು ಜನರಿಗೆ ಬಿಗಿತ. ಮಲ ಕಪ್ಪಾಗುವುದೂ ಇದರಿಂದಲೇ. ಕಪ್ಪು ಬಣ್ಣಕ್ಕೆ ಹೆದರಬೇಕಾಗಿಲ್ಲ, ಆದರೆ ಗುರುತು ತಿಳಿದಿರಲಿ. ಕಬ್ಬಿಣದ ಕಪ್ಪು ಹಸಿರು ಛಾಯೆಯದು, ಗಟ್ಟಿಯಾಗಿರುತ್ತದೆ. ಹೊಟ್ಟೆಯೊಳಗೆ ರಕ್ತ ಸೋರಿದ್ದಾದರೆ ಮಲ ಡಾಂಬರಿನಂತೆ ಮಿಂಚುತ್ತದೆ, ಅಂಟಂಟಾಗಿರುತ್ತದೆ, ವಿಪರೀತ ನಾರುತ್ತದೆ. ಎರಡನೆಯದು ಕಂಡರೆ ಅದೇ ದಿನ ಆಸ್ಪತ್ರೆಗೆ.

ಹೆಚ್ಚು ನುಂಗಿದರೆ ಹೆಚ್ಚು ರಕ್ತ ಎನ್ನುವ ಲೆಕ್ಕ ಕಬ್ಬಿಣಕ್ಕೆ ಒಗ್ಗುವುದಿಲ್ಲ. ಕಬ್ಬಿಣದ ಒಂದು ದೊಡ್ಡ ಡೋಸ್ ಒಳಗೆ ಹೋದ ಕೂಡಲೇ ಪಿತ್ತಜನಕಾಂಗ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಬಿಡುತ್ತದೆ. ಅದು ಕರುಳಿನ ಬಾಗಿಲನ್ನು ಸುಮಾರು ಒಂದು ದಿನ ಅರ್ಧ ಮುಚ್ಚಿಬಿಡುತ್ತದೆ. ಮರುದಿನ ನುಂಗಿದ ಮಾತ್ರೆಯಿಂದ ಸಿಗುವುದು ಕಡಿಮೆ, ಕರುಳಿನಲ್ಲಿ ಉಳಿಯುವುದು ಹೆಚ್ಚು. ಸ್ವಿಟ್ಜರ್ಲೆಂಡಿನ ಸಂಶೋಧಕರು ಕಬ್ಬಿಣದ ದಾಸ್ತಾನು ಕಡಿಮೆಯಿದ್ದ ಯುವತಿಯರಲ್ಲಿ ಇದನ್ನು ಅಳೆದು 2015 ಮತ್ತು 2017ರಲ್ಲಿ ಪ್ರಕಟಿಸಿದರು. ದಿನ ಬಿಟ್ಟು ದಿನ ಕೊಟ್ಟಾಗ ಪ್ರತಿ ಮಾತ್ರೆಯಿಂದ ಹೀರಿದ ಪ್ರಮಾಣ ಹೆಚ್ಚಿತ್ತು. ಆ ಮೇಲೆ ಎಷ್ಟೋ ಡಾಕ್ಟರುಗಳು ಹೊಟ್ಟೆ ತಾಳದವರಿಗೆ ಒಂದು ದಿನ ಬಿಟ್ಟು ಒಂದು ದಿನ ಬರೆಯುತ್ತಿದ್ದಾರೆ. ಆದ್ದರಿಂದ 'ದಿನ ಬಿಟ್ಟು ದಿನ ತಗೊಂಡರೆ ಆಗುತ್ತಾ?' ಎಂದು ಕೇಳುವುದಕ್ಕೆ ಗಟ್ಟಿ ಆಧಾರವಿದೆ. ಕೇಳದೆ ನೀವೇ ಹಾಗೆ ಮಾಡಿಕೊಳ್ಳುವುದು ಬೇರೆ. ಹಿಮೋಗ್ಲೋಬಿನ್ ತೀರಾ ಇಳಿದಿದ್ದರೆ ಡಾಕ್ಟರ ಲೆಕ್ಕ ಬೇರೆ ಇರುತ್ತದೆ, ಇಂಜೆಕ್ಷನ್ ಮೂಲಕ ಕೊಡುವ ದಾರಿಯೂ ಇದೆ. ಗರ್ಭಿಣಿಯರಿಗೆ ಸರಕಾರದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಕೆಂಪು ಮಾತ್ರೆ 60 ಮಿಲಿಗ್ರಾಂ ಕಬ್ಬಿಣದ್ದು, 180 ದಿನ, ದಿನಕ್ಕೊಂದು. ಹೊಟ್ಟೆ ಕಟ್ಟುತ್ತದೆಂದು ಅದನ್ನು ಅಟ್ಟದ ಮೇಲೆ ಬಚ್ಚಿಡುವ ಬಸುರಿಯರು ಆಶಾ ಕಾರ್ಯಕರ್ತೆಗೋ ಡಾಕ್ಟರಿಗೋ ನಿಜ ಹೇಳಿದರೆ ಬೇರೆ ದಾರಿ ಹುಡುಕಬಹುದು.

ಸಮಯದ ಗೊಂದಲವೂ ಇಲ್ಲಿ ದೊಡ್ಡದು. ಕಬ್ಬಿಣ, ಕ್ಯಾಲ್ಸಿಯಂ ಒಟ್ಟಿಗೆ ಹೋದರೆ ಕ್ಯಾಲ್ಸಿಯಂ ಅದನ್ನು ಹೀರಲು ಬಿಡುವುದಿಲ್ಲ. ಆಂಟಾಸಿಡ್ಡೂ ಬಿಡುವುದಿಲ್ಲ. ಊಟವಾದ ತಕ್ಷಣದ ಕಾಫಿ, ಟೀ ಕೂಡ ಬಿಡುವುದಿಲ್ಲ. ಎಂದರೆ ಅಜ್ಜಿ ರಾತ್ರಿ ಕಬ್ಬಿಣ, ಕ್ಯಾಲ್ಸಿಯಂ, ಆಂಟಾಸಿಡ್ ಮೂರನ್ನೂ ಒಂದೇ ಗುಟುಕಿಗೆ ಮುಗಿಸಿದಾಗ ಕಬ್ಬಿಣದ ಉಪಯೋಗ ಕಡಿಮೆ, ಕಾಟ ಮಾತ್ರ ಪೂರ್ತಿ. ಹಿಮೋಗ್ಲೋಬಿನ್ ಏರದೆ ಹೋದರೆ ಡೋಸ್ ದುಪ್ಪಟ್ಟು ಮಾಡುತ್ತಾರೆ, ಹೊಟ್ಟೆ ಇನ್ನೂ ಬಿಗಿಯುತ್ತದೆ.

ಇನ್ನೊಂದು ಕಡೆ ಎಚ್ಚರವೂ ಬೇಕು. 68ರ ಹೆಂಗಸಿಗೆ ಕಬ್ಬಿಣದ ಕೊರತೆ ಏಕೆ ಬಂತು? ಆ ವಯಸ್ಸಿನಲ್ಲಿ ಮುಟ್ಟಿನ ರಕ್ತಸ್ರಾವ ಇಲ್ಲ. ಹೊಟ್ಟೆ ಅಥವಾ ಕರುಳಿನಿಂದ ರಕ್ತ ಸೋರುತ್ತಿರಬಹುದು. ಕಾರಣ ಹುಡುಕದೆ ಮಾತ್ರೆ ಮಾತ್ರ ನುಂಗಿಸುತ್ತಾ, ಹೊಟ್ಟೆಯ ಅಭ್ಯಾಸ ಬದಲಾದದ್ದನ್ನೂ ಮಾತ್ರೆಯ ತಲೆಗೆ ಕಟ್ಟಿದರೆ ದೊಡ್ಡ ಕರುಳಿನ ಕ್ಯಾನ್ಸರ್ ಕಣ್ಣು ತಪ್ಪಿಸಿಕೊಳ್ಳಬಹುದು. 'ರಕ್ತ ಕಡಿಮೆಯಾಗಲು ಕಾರಣ ಏನು, ನೋಡಿದ್ದೀರಾ?' ಎಂಬ ಪ್ರಶ್ನೆಯನ್ನು ಕಬ್ಬಿಣ ಬರೆದ ಡಾಕ್ಟರಿಗೆ ಕೇಳಲೇಬೇಕು. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಾತ್ರೆಗಳು ಶುರುವಾಗುವ ಮೊದಲಿಂದಲೇ ಹೊಟ್ಟೆಯ ಅಭ್ಯಾಸ ಬದಲಾಗಿದ್ದರೆ ಆ ಪ್ರಶ್ನೆಗೆ ಇನ್ನೂ ತೂಕ.

ಹಾಗಾದರೆ ಅಜ್ಜಿಯ ಚೀಟಿ ತಿದ್ದಿದಾಗ ಹೇಗೆ ಕಾಣುತ್ತದೆ? ಮೊದಲು ಎನಿಮಾ ಕೊಟ್ಟು ಸಿಕ್ಕಿಕೊಂಡದ್ದನ್ನು ತೆಗೆಯುತ್ತಾರೆ. ಕೆಳಗೆ ಕಟ್ಟಿರುವಾಗ ಮೇಲಿನಿಂದ ಭೇದಿ ಮಾತ್ರೆ ತಳ್ಳಿದರೆ ಹೊಟ್ಟೆ ನುಲಿಯುವುದಷ್ಟೇ ಲಾಭ. ಲೋಪೆರಮೈಡ್, ಡೈಸೈಕ್ಲೊಮಿನ್, ಆಂಡನ್‌ಸೆಟ್ರಾನ್, ಇಸಬ್‌ಗೋಲ್ ನಾಲ್ಕೂ ನಿಲ್ಲುತ್ತವೆ. ನೋವು ಇಳಿದಿರುವುದರಿಂದ ಟ್ರಮಡಾಲ್ ಮಾತ್ರೆ ರಾತ್ರಿಗೆ ಒಂದಕ್ಕೆ ಇಳಿದು ಒಂದು ವಾರದಲ್ಲಿ ನಿಲ್ಲುತ್ತದೆ. ಹಗಲಿಗೆ ಬರೀ ಪ್ಯಾರಾಸಿಟಮಾಲ್. ಜೋಡಿ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರುವುದರಿಂದ ದಿನದ ಒಟ್ಟು ಎಷ್ಟು ಮೀರಬಾರದು ಎಂದು ಕೂಡಿಸಿ ಬರೆದುಕೊಡುತ್ತಾರೆ. ಅಷ್ಟು ದಿನವೂ ರಾತ್ರಿ ನೀರಿನಲ್ಲಿ ಬೈಸಕೊಡಿಲ್, ಬೆಳಗ್ಗೆ ಲ್ಯಾಕ್ಟುಲೋಸ್. ಟ್ರಮಡಾಲ್ ನಿಂತು ಹೊಟ್ಟೆ ಹದಕ್ಕೆ ಬಂದ ಮೇಲೆ ಅವೂ ನಿಲ್ಲುತ್ತವೆ. ಹುಳಿತೇಗು ಹೋದದ್ದರಿಂದ ಆಂಟಾಸಿಡ್ ಬೇಡ, ಪ್ಯಾಂಟೊಪ್ರಜೋಲ್ ಕೂಡ ಬೇಡ. ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಜೊತೆ ಒಂದೇ. ಕಬ್ಬಿಣ ದಿನ ಬಿಟ್ಟು ದಿನ, ಬೆಳಗ್ಗೆ, ಕಾಫಿಗೆ ಒಂದು ಗಂಟೆ ಮೊದಲು, ನಿಂಬೆ ಪಾನಕದ ಜೊತೆ. ಡಿ ಮಾತ್ರೆ ಭಾನುವಾರ. ಒಂಬತ್ತನೆಯ ದಿನ ಮನೆಯ ಮೇಜಿನ ಮೇಲಿದ್ದ ಹತ್ತು ಬಗೆಯ ಔಷಧಿ, ಎರಡು ವಾರ ಕಳೆಯುವುದರೊಳಗೆ ನಾಲ್ಕಕ್ಕೆ ಇಳಿಯುತ್ತದೆ.

ಇಷ್ಟೂ ತಿದ್ದುಪಡಿಗೆ ಡಾಕ್ಟರ ಕೈಗೆ ಬೇಕಾದದ್ದು ಮನೆಯಲ್ಲಿರುವ ಎಲ್ಲ ಔಷಧಿಗಳ ಚೀಲ. ಚೀಟಿಗಳಲ್ಲ, ಪಟ್ಟಿಗಳೇ, ಬಾಟಲಿಗಳೇ. ಬೇರೆ ಡಾಕ್ಟರು ಕೊಟ್ಟದ್ದು, ಅಂಗಡಿಯಲ್ಲಿ ತಂದದ್ದು, ಆಯುರ್ವೇದದ್ದು, ನಿದ್ದೆಗೆ, ಅಲರ್ಜಿಗೆ, ಬಿಪಿಗೆ, ಮೂತ್ರ ತಡೆಯದಿರುವುದಕ್ಕೆ ತೆಗೆದುಕೊಳ್ಳುವುದು. ಈ ಗುಂಪುಗಳಲ್ಲೂ ಹೊಟ್ಟೆ ಕಟ್ಟುವವರು ಇದ್ದಾರೆ: ಅಮಿಟ್ರಿಪ್ಟಲಿನ್, ಕ್ಲೋರ್‌ಫೆನಿರಮಿನ್, ಆಕ್ಸಿಬ್ಯುಟಿನಿನ್, ವೆರಾಪಮಿಲ್.

ಮತ್ತೆ ಇವಾವುದನ್ನೂ ಕಾಯದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭ ಇದೆ. ಹೊಟ್ಟೆ ಉಬ್ಬಿ ಬಿಗಿದು, ವಾಂತಿಯಾಗುತ್ತಾ, ಗಾಳಿ ಕೂಡ ಹೊರಗೆ ಹೋಗದೆ ನಿಂತರೆ ಕರುಳು ಕಟ್ಟಿರಬಹುದು. ಹೊಟ್ಟೆ ಕಟ್ಟಿದ ಹಿರಿಯರಿಗೆ ಮೂತ್ರವೂ ನಿಂತರೆ, ಇದ್ದಕ್ಕಿದ್ದಂತೆ ದಿಕ್ಕುತಪ್ಪಿದಂತೆ ಮಾತಾಡಿದರೆ ಅದೂ ಕಾಯುವ ವಿಷಯವಲ್ಲ. ಹೀಗಿರುವಾಗ ಯಾವ ಭೇದಿ ಮಾತ್ರೆಯನ್ನೂ, ಹರಳೆಣ್ಣೆಯನ್ನೂ ಕೊಡಬಾರದು. ಔಷಧಿ ಚೀಲ ಹಿಡಿದುಕೊಂಡು ಹೊರಡಬೇಕು, ಕ್ಯಾಲೆಂಡರಿನ ಆ ಎರಡು ತಾರೀಕು ನೆನಪಿಟ್ಟುಕೊಂಡು.